‘ನೆಮ್ಮದಿ’ ಎಂಬ ಹೆಸರು ಮತ್ತು ಹಿರಿಯರಿಗೆ ಬಂದ ಒಂದು ಪತ್ರ

ಮಗುವಿಗೆ ಒಳ್ಳೆಯ ಹೆಸರಿಡುವುದು ತಂದೆ ತಾಯಿಗಳ ಮೇಲಿರುವ ಮಗುವಿನ ಹಕ್ಕು ಎಂದು ನಾವು ಮದ್ರಸಾದಲ್ಲಿ ಕಲಿತೆವು. ಈಗ ಮಕ್ಕಳಿಗೆ ಅದನ್ನೇ ಕಲಿಸುತ್ತಲೂ ಇದ್ದೇವೆ. ಆದರೆ ‘ಒಳ್ಳೆಯ ಹೆಸರು’ ಯಾವುದು, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಪಾಠದಲ್ಲಿ ಇದ್ದಷ್ಟು ಸುಲಭವಾಗಿ ಮನೆಯಲ್ಲಿ ಇರುವುದಿಲ್ಲ. ಈಚೆಗೆ ಮಳವಳ್ಳಿಯ ಹಿರಿಯರೊಬ್ಬರು ಅಸರ್ ನಮಾಝಿನ ನಂತರ ನಮ್ಮನ್ನು ಮಸೀದಿಯ ಜಗಲಿಯಲ್ಲಿ ಕೂರಿಸಿಕೊಂಡು, ಜೇಬಿನಿಂದ ನಾಲ್ಕು ಮಡಿಕೆಯಾದ ಕಾಗದವೊಂದನ್ನು ತೆಗೆದುಕೊಟ್ಟರು. “ನನ್ನ ಮಗ, ಸೊಸೆ ಬರೆದದ್ದು. ಓದಿ ಹೇಳಿ, ಇದು ದೀನಿನಲ್ಲಿ ಸರಿಯೋ ತಪ್ಪೋ” ಎಂದರು.

ಆ ಮನೆಯ ಸಂಗತಿ ಇಷ್ಟು. ಮಗ ಮತ್ತು ಸೊಸೆ ಮಂಡ್ಯದಲ್ಲಿ ನೆಲೆಸಿದ್ದಾರೆ. ಸೊಸೆಯ ತವರು ಮದ್ದೂರು. ಮದುವೆಯಾಗಿ ಐದು ವರ್ಷಗಳ ನಂತರ ಹೆಣ್ಣು ಮಗು ಹುಟ್ಟಿತು. ಅವಧಿಗೆ ಮೊದಲೇ ಹುಟ್ಟಿದ ಕಾರಣ ಹದಿನೆಂಟು ದಿನ ಆಸ್ಪತ್ರೆಯ ನವಜಾತ ಶಿಶುಗಳ ವಿಭಾಗದಲ್ಲಿ ಇರಬೇಕಾಯಿತು. ಏಳನೆಯ ದಿನ ಅಖೀಕಾ ನಡೆಸಲಾಗಲಿಲ್ಲ. ಇಪ್ಪತ್ತೊಂದನೆಯ ದಿನ ಮಳವಳ್ಳಿಯ ಮನೆಯಲ್ಲಿ ಅಖೀಕಾ ನಡೆಯಿತು. ಅಜ್ಜನ ತಾಯಿಯ ಹೆಸರು ಸಕೀನಾ. ಮಗುವಿಗೆ ಆ ಹೆಸರೇ ಎಂದು ಅವರು ನೆಂಟರಿಗೆಲ್ಲ ಆಗಲೇ ಹೇಳಿಯೂ ಆಗಿತ್ತು. ಆದರೆ ತಂದೆ ಮಗುವಿನ ಕಿವಿಯ ಬಳಿ ಬಾಗಿ ಹೇಳಿದ ಹೆಸರು ‘ನೆಮ್ಮದಿ’. ಮನೆ ತುಂಬಿದ ಜನ ಒಂದು ಕ್ಷಣ ಸುಮ್ಮನಾದರು. ಯಾರೋ ಒಬ್ಬರು, ಹಿಂದೆ ಹೋಬಳಿಗಳಲ್ಲಿ ಜಾತಿ ಆದಾಯ ಪ್ರಮಾಣಪತ್ರ ಕೊಡುತ್ತಿದ್ದ ನೆಮ್ಮದಿ ಕೇಂದ್ರವನ್ನು ನೆನೆದು ನಕ್ಕರು. ಅಜ್ಜ ಊಟಕ್ಕೆ ಕೂರದೆ ಎದ್ದು ಹೋದರು. ಅಂದಿನಿಂದ ಅವರು ಮಗುವನ್ನು ‘ಆ ಕೂಸು’ ಎಂದಷ್ಟೇ ಕರೆಯುತ್ತಿದ್ದರು.

ಪತ್ರದ ಎರಡು ಪ್ರತಿಗಳಲ್ಲಿ ಒಂದು ಮಳವಳ್ಳಿಗೆ, ಇನ್ನೊಂದು ಮದ್ದೂರಿಗೆ ಹೋಗಿದ್ದವು. ದಂಪತಿಗಳ ಒಪ್ಪಿಗೆ ಪಡೆದು, ಅವರ ಗುರುತು ಬಿಟ್ಟು, ಪತ್ರದ ಮುಖ್ಯ ಭಾಗವನ್ನು ಇಲ್ಲಿ ಕೊಡುತ್ತಿದ್ದೇವೆ.

“ಗೌರವಾನ್ವಿತ ಅಬ್ಬಾ, ಅಮ್ಮಿ ಅವರಿಗೆ, ಮದ್ದೂರಿನ ಅಬ್ಬಾ, ಅಮ್ಮಿ ಅವರಿಗೆ, ಅಸ್ಸಲಾಮು ಅಲೈಕುಮ್ ವ ರಹ್ಮತುಲ್ಲಾಹಿ ವ ಬರಕಾತುಹು.

ಎದುರು ಕುಳಿತು ಹೇಳಬೇಕಾದುದನ್ನು ಕಾಗದದಲ್ಲಿ ಬರೆಯುತ್ತಿದ್ದೇವೆ. ಎದುರಿಗೆ ಬಂದರೆ ನಿಮ್ಮ ಮುಖ ನೋಡಿ ಮಾತು ನಿಲ್ಲುತ್ತದೆ. ಮದ್ದೂರಿನ ಅಮ್ಮಿಗೆ ಕನ್ನಡ ಓದಲು ಬಾರದು, ತಮ್ಮ ಓದಿ ಹೇಳಲಿ.

ಅಬ್ಬಾ, ನಾವು ದಾದಿಯ ಹೆಸರನ್ನು ಬಿಟ್ಟುಬಿಟ್ಟೆವು ಎಂದು ನೀವು ನೊಂದಿದ್ದೀರಿ. ಬಿಟ್ಟಿಲ್ಲ. ಸಕೀನಾ ಎಂಬುದಕ್ಕೆ ಕನ್ನಡದಲ್ಲಿ ಅರ್ಥವೇನೆಂದು ನೀವೇ ನಮಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟದ್ದು. ದಾದಿ ಕಡೆಯ ಮೂರು ವರ್ಷ ಹಾಸಿಗೆ ಹಿಡಿದಿದ್ದಾಗ ಗದ್ದೆಯ ಕಡೆಯಿಂದ ಹೆಂಗಸರು ಬಂದು ‘ಹೇಗಿದ್ದೀರಿ ಅಜ್ಜಿ’ ಎಂದು ಕೇಳುತ್ತಿದ್ದರು. ಅವರು ಮನೆಯಲ್ಲಿ ನಮ್ಮೊಡನೆ ಆಡುತ್ತಿದ್ದುದು ನಮ್ಮ ಮನೆಮಾತು; ಆ ಹೆಂಗಸರಿಗೆ ಕೊಡುತ್ತಿದ್ದ ಉತ್ತರ ಮಾತ್ರ ಕನ್ನಡದಲ್ಲಿ, ಪ್ರತಿ ಸಲವೂ ಒಂದೇ: ‘ನೆಮ್ಮದಿಯಾಗಿದ್ದೀನಿ ಕಣವ್ವ’. ನಮ್ಮ ಬಳಗದಲ್ಲಿ ಈಗಾಗಲೇ ಇಬ್ಬರು ಸಕೀನಾ ಇದ್ದಾರೆ. ದಾದಿಯ ಹೆಸರು ಅವರಲ್ಲಿ ಉಳಿದಿದೆ. ದಾದಿಯ ಮಾತು ನಮ್ಮ ಮಗುವಿನಲ್ಲಿ ಉಳಿಯಲಿ ಎಂದು ಬಯಸಿದೆವು.

ಎರಡನೆಯ ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ಮಗು ಒಂದು ಕಿಲೋ ಆರು ನೂರು ಗ್ರಾಂ ಇದ್ದಳು. ರಾತ್ರಿ ಅವಳ ಬಳಿ ಇರಲು ನಮ್ಮನ್ನು ಬಿಡುತ್ತಿರಲಿಲ್ಲ. ಕೆಳಗಿನ ಅಂತಸ್ತಿನಿಂದ ಹತ್ತಿ ಬಂದು ಬಾಗಿಲ ಗಾಜಿನಾಚೆ ನಿಂತು ಕೇಳುತ್ತಿದ್ದೆವು. ರಾತ್ರಿ ಪಾಳಿಯ ನರ್ಸಮ್ಮ ಒಬ್ಬರು, ಅವರ ಊರಾಗಲಿ ಹೆಸರಾಗಲಿ ನಮಗೆ ತಿಳಿಯದು, ಹದಿನೆಂಟು ರಾತ್ರಿಗಳಲ್ಲಿ ಎಷ್ಟೋ ಸಲ ಒಂದೇ ಮಾತು ಹೇಳಿದರು: ‘ನೆಮ್ಮದಿಯಾಗಿ ಮಲಗವ್ಳೆ, ಹೋಗಿ ಮಲಗಿ’. ಆ ಮಾತು ಕೇಳಿದ ಮೇಲೆಯೇ ನಮಗೆ ಇಶಾ ನಮಾಝಿನಲ್ಲಿ ಮನಸ್ಸು ನಿಲ್ಲುತ್ತಿತ್ತು. ಮಗುವನ್ನು ಕೈಗೆ ಕೊಟ್ಟ ದಿನ ನಮ್ಮಿಬ್ಬರಿಗೂ, ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮೊದಲೇ, ಬೇರೆ ಹೆಸರು ತೋಚಲಿಲ್ಲ.

ಮದ್ದೂರಿನ ಅಬ್ಬಾ ಫೋನಿನಲ್ಲಿ ಒಂದು ಮಾತು ಕೇಳಿದಿರಿ: ‘ಭಯಕ್ಕೆ ಇಟ್ಟಿರಾ?’ ಆ ಮಾತು ನಮ್ಮನ್ನು ಬಹಳ ಚುಚ್ಚಿತು. ಶಾಲೆಯ ಹಾಜರಿ ಪುಸ್ತಕದಲ್ಲಿ, ಬಾಡಿಗೆ ಮನೆಯ ಕರಾರಿನಲ್ಲಿ, ಕೆಲಸದ ಅರ್ಜಿಯಲ್ಲಿ ಮುಸ್ಲಿಮ್ ಹೆಸರು ಕಾಣದಿರಲಿ ಎಂದು ಇಟ್ಟೆವೆಂದು ನಿಮಗೆ ಅನ್ನಿಸಿದೆ. ಕಾಲ ನೋಡಿದರೆ ಹಾಗೆ ಅನ್ನಿಸುವುದು ತಪ್ಪಲ್ಲ. ಆದರೆ ಅವಳ ಹೆಸರಿನ ಮುಂದೆ ಅವಳ ತಂದೆಯ ಹೆಸರು ಇರುತ್ತದೆ, ಪೂರ್ತಿಯಾಗಿ, ಮೊದಲಕ್ಷರವಾಗಿ ಅಲ್ಲ. ಬಚ್ಚಿಡಬೇಕೆಂದಿದ್ದರೆ ಮೊದಲು ಅದನ್ನು ಬಚ್ಚಿಡುತ್ತಿದ್ದೆವು.

ದಾಖಲೆಗೆ ಒಂದು, ಮನೆಗೆ ಇನ್ನೊಂದು ಎಂದು ಎರಡು ಹೆಸರಿಡಿ ಎಂದು ಅಮ್ಮಿ ಹೇಳಿದಿರಿ. ಕ್ಷಮಿಸಿ, ಅದೊಂದು ಬೇಡ. ಹೊರಗೊಬ್ಬಳು, ಒಳಗೊಬ್ಬಳು ಎಂದು ಮಗು ಎರಡಾಗುವುದು ನಮಗೆ ಇಷ್ಟವಿಲ್ಲ. ಹೆಸರು ದೀನಿಗೆ ವಿರುದ್ಧವೆಂದು ತಿಳಿದವರು ಹೇಳಿದರೆ ನಾವು ಬದಲಾಯಿಸುತ್ತೇವೆ. ಜನ ನಗುತ್ತಾರೆ ಎಂಬುದಕ್ಕಾದರೆ ಬದಲಾಯಿಸುವುದಿಲ್ಲ. ನಿಮಗೆ ಮೊದಲೇ ಹೇಳದೆ ನೆಂಟರ ಮುಂದೆ ಹೇಳಿದ್ದು ನಮ್ಮ ತಪ್ಪು. ಅದಕ್ಕೆ ಮಾಫಿ ಕೇಳುತ್ತೇವೆ. ದುಆದಲ್ಲಿ ಅವಳನ್ನು ನೆನೆಯಿರಿ.”

ಪತ್ರ ಓದಿ ಮುಗಿಸಿದಾಗ ನಮಗೆ ಎರಡು ವಿಷಯಗಳು ಬೇರೆಬೇರೆಯಾಗಿ ಕಂಡವು. ಒಂದು, ಶರೀಅತಿನ ಪ್ರಶ್ನೆ. ಇನ್ನೊಂದು, ಹಿರಿಯರ ನೋವು. ಇವೆರಡನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದರಿಂದಲೇ ನಮ್ಮ ಎಷ್ಟೋ ಮನೆಗಳಲ್ಲಿ ಮಾತು ಕೆಡುತ್ತದೆ. ಅಜ್ಜನಿಗೆ ನೋವಾಯಿತು ಎಂಬ ಕಾರಣಕ್ಕೆ ಹೆಸರು ಹರಾಮ್ ಆಗುವುದಿಲ್ಲ. ಹೆಸರು ಹಲಾಲ್ ಎಂಬ ಕಾರಣಕ್ಕೆ ಅಜ್ಜನ ನೋವು ಸುಳ್ಳಾಗುವುದೂ ಇಲ್ಲ.

ಮೊದಲನೆಯದನ್ನು ನೋಡೋಣ. ಹೆಸರು ಅರಬಿಯಲ್ಲಿಯೇ ಇರಬೇಕೆಂಬ ವಿಧಿ ಇದೆಯೇ? ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಹೆಸರುಗಳು ಅಬ್ದುಲ್ಲಾ ಮತ್ತು ಅಬ್ದುರ್ರಹ್ಮಾನ್ ಎಂದು ಸಹೀಹ್ ಮುಸ್ಲಿಮ್‌ನ ವರದಿಯಲ್ಲಿದೆ. ಅದು ಉತ್ತಮವಾದುದನ್ನು ತೋರಿಸಿಕೊಡುತ್ತದೆ, ಉಳಿದುದನ್ನು ನಿಷೇಧಿಸುವುದಿಲ್ಲ. ಪ್ರವಾದಿವರ್ಯರು(ಸ) ಕೆಲವರ ಹೆಸರುಗಳನ್ನು ಬದಲಿಸಿದ್ದೂ ಉಂಟು. ಅಬ್ದು ಅಮ್ರ್ ಎಂಬ ಹೆಸರಿದ್ದವರು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಆದರು. ದಾಸ್ಯವು ಅಲ್ಲಾಹನಿಗೆ ಮಾತ್ರ ಸಲ್ಲಬೇಕಾದುದು ಅಲ್ಲಿನ ಕಾರಣ. ಉಮರ್(ರ) ಅವರ ಮಗಳು ‘ಆಸಿಯಾ’, ಅಂದರೆ ಅವಿಧೇಯಳು ಎಂಬ ಹೆಸರಿನವಳು, ‘ಜಮೀಲಾ’ ಆದಳು. ಅರ್ಥ ಕೆಟ್ಟದ್ದಿದ್ದುದು ಅಲ್ಲಿನ ಕಾರಣ. ಬದಲಾದ ಈ ಎರಡು ಹೆಸರುಗಳೂ ಅಪ್ಪಟ ಅರಬಿ ಹೆಸರುಗಳೇ ಎಂಬುದನ್ನು ಓದುಗರು ಗಮನಿಸಬೇಕು. ಅವನ್ನು ತಳ್ಳಿದ್ದು ಭಾಷೆಯ ಕಾರಣಕ್ಕಲ್ಲ, ಅರ್ಥದ ಕಾರಣಕ್ಕೆ. ಇತ್ತ ಈಜಿಪ್ಟಿನಿಂದ ಬಂದ ಮಾರಿಯಾ(ರ) ಅವರ ಹೆಸರು ಮಾರಿಯಾ ಆಗಿಯೇ ಉಳಿಯಿತು.

ಮದ್ರಸಾದಲ್ಲಿ ಅರಬಿ ವ್ಯಾಕರಣ ಓದಿದವರಿಗೆ ಇನ್ನೂ ಒಂದು ಸಾಕ್ಷ್ಯ ಕಂಠಪಾಠವಾಗಿದೆ. ಕೆಲವು ನಾಮಪದಗಳಿಗೆ ತನ್ವೀನ್ ಬರುವುದಿಲ್ಲ. ಅವನ್ನು ‘ಗೈರ್ ಮುನ್ಸರಿಫ್’ ಎನ್ನುತ್ತೇವೆ. ಹಾಗೆ ಬಾರದಿರಲು ಇರುವ ಕಾರಣಗಳಲ್ಲಿ ಒಂದು ‘ಉಜ್ಮಾ’, ಎಂದರೆ ಆ ಹೆಸರು ಅರಬಿಯದಲ್ಲ, ಹೊರಗಿನ ಭಾಷೆಯದು ಎಂಬುದು. ಇದಕ್ಕೆ ಉಸ್ತಾದರು ಕೊಡುವ ಮೊದಲ ಉದಾಹರಣೆ ಇಬ್ರಾಹೀಮ್. ಇಸ್ಮಾಯೀಲ್, ಇಸ್‌ಹಾಕ್, ಯಅಕೂಬ್, ಯೂಸುಫ್ ಇವೂ ಹಾಗೆಯೇ. ನಾವು ಅತ್ಯಂತ ಇಸ್ಲಾಮೀ ಎಂದು ಎದೆ ತಟ್ಟಿ ಹೇಳುವ ಹೆಸರುಗಳನ್ನು ಅರಬಿ ವ್ಯಾಕರಣವು ಹೊರನಾಡಿನವೆಂದು ಗುರುತಿಸಿ, ಗೌರವದಿಂದ ಒಳಗೆ ಕೂರಿಸಿಕೊಂಡಿದೆ. ಪ್ರವಾದಿವರ್ಯರು(ಸ) ತಮ್ಮ ಮಗನಿಗೆ ಇಟ್ಟ ಹೆಸರೂ ಇಬ್ರಾಹೀಮ್ ಎಂದೇ.

ನಮ್ಮ ಜಿಲ್ಲೆಯ ಮನೆಗಳನ್ನೇ ನೋಡಿ. ಪರ್ವೀನ್, ಫಿರೋಝ್, ದಿಲ್‌ಶಾದ್, ಶಬ್ನಮ್ ಎಂಬ ಹೆಸರುಗಳಿಲ್ಲದ ಬೀದಿಯಿಲ್ಲ. ಇವು ಫಾರ್ಸಿ ಹೆಸರುಗಳು. ಇಸ್ಲಾಮ್ ಹೋಗುವ ಮೊದಲು ಆ ನಾಡಿನ ಅರಸರು ಅಗ್ನಿಯನ್ನು ಪೂಜಿಸುತ್ತಿದ್ದವರು. ಆದರೂ ಆ ನುಡಿಯ ಹೆಸರು ನಮ್ಮ ಹಿರಿಯರಿಗೆ ಪರಕೀಯವೆನಿಸಲಿಲ್ಲ. ಶಬ್ನಮ್ ಎಂದರೆ ಇಬ್ಬನಿ. ಮಗುವಿಗೆ ಶಬ್ನಮ್ ಎಂದರೆ ದೀನ್, ಇಬ್ಬನಿ ಎಂದರೆ ದೀನಿನಿಂದ ದೂರ ಎಂದಾದರೆ, ಅದು ಶರೀಅತಿನ ಮಾತಲ್ಲ, ರೂಢಿಯ ಮಾತು. ರೂಢಿಗೂ ಬೆಲೆಯಿದೆ, ಆದರೆ ಅದನ್ನು ಅದರ ಹೆಸರಿನಿಂದಲೇ ಕರೆಯಬೇಕು.

ಇಷ್ಟಾದ ಮೇಲೂ ‘ನೆಮ್ಮದಿ’ ಎಂಬ ಹೆಸರಿಗೆ ಒಂದು ನಿಜವಾದ ಶಾಸ್ತ್ರೀಯ ಆಕ್ಷೇಪವಿದೆ. ಅದನ್ನು ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ನಾವೇ ಎತ್ತಿದೆವು, ಏಕೆಂದರೆ ಒಪ್ಪಿಗೆ ಕೊಡುವವನು ಎದುರುವಾದವನ್ನೂ ತಿಳಿದಿರಬೇಕು. ಯಸಾರ್, ರಬಾಹ್, ನಜೀಹ್, ಅಫ್ಲಹ್ ಎಂಬ ಹೆಸರುಗಳನ್ನು ಇಡಬೇಡಿರೆಂದು ಪ್ರವಾದಿವರ್ಯರು(ಸ) ಹೇಳಿದ ವರದಿಯೊಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಈ ಹೆಸರುಗಳಿಗೆ ಸುಗಮತೆ, ಲಾಭ, ಯಶಸ್ಸು ಎಂಬಂತಹ ಒಳ್ಳೆಯ ಅರ್ಥಗಳೇ ಇವೆ. ಆದರೆ ‘ಅವನು ಅಲ್ಲಿದ್ದಾನೆಯೇ’ ಎಂದು ಯಾರಾದರೂ ಕೇಳಿದಾಗ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಮನೆಯಲ್ಲಿ ಲಾಭವಿಲ್ಲ, ಯಶಸ್ಸಿಲ್ಲ ಎಂದಂತಾಗುತ್ತದೆ. ಕನ್ನಡದಲ್ಲಿ ಈ ಮಾತು ಇನ್ನೂ ನೇರವಾಗಿ ತಟ್ಟುತ್ತದೆ. ಬಾಗಿಲಲ್ಲಿ ನಿಂತ ಗೆಳತಿ ‘ನೆಮ್ಮದಿ ಮನೇಲಿಲ್ವಾ?’ ಎಂದು ಕೇಳುತ್ತಾಳೆ. ಅಮ್ಮಿ ಒಳಗಿನಿಂದ ‘ಇಲ್ಲ’ ಎನ್ನುತ್ತಾರೆ. ನೆರೆಯವರಿಗೆ ಇದು ನಗೆಯ ಮಾತಾಗುತ್ತದೆ. ಮನಸ್ಸು ಸೋತ ದಿನ ಮನೆಯವರಿಗೆ ಅಪಶಕುನದಂತೆಯೂ ಕೇಳಬಹುದು.

ಈ ಆಕ್ಷೇಪದ ಭಾರ ಎಷ್ಟು? ಅದೇ ಗ್ರಂಥದಲ್ಲಿ ಜಾಬಿರ್(ರ) ಅವರ ಇನ್ನೊಂದು ವರದಿಯಿದೆ. ಬರಕಾ, ನಾಫಿಅ ಮುಂತಾದ ಇಂತಹ ಹೆಸರುಗಳನ್ನು ನಿಷೇಧಿಸಬೇಕೆಂದು ಪ್ರವಾದಿವರ್ಯರು(ಸ) ಬಯಸಿದ್ದರು, ಆಮೇಲೆ ಮೌನವಾದರು, ನಿಷೇಧಿಸದೆಯೇ ಲೋಕದಿಂದ ತೆರಳಿದರು, ಉಮರ್(ರ) ಅವರೂ ನಿಷೇಧಿಸಲು ಯೋಚಿಸಿ ಆಮೇಲೆ ಕೈಬಿಟ್ಟರು ಎಂಬುದು ಅದರ ಸಾರಾಂಶ. ಪ್ರವಾದಿವರ್ಯರ(ಸ) ಸೇವಕರೊಬ್ಬರ ಹೆಸರೇ ರಬಾಹ್ ಆಗಿತ್ತು. ಇಬ್ನು ಉಮರ್(ರ) ಅವರಿಂದ ಬಿಡುಗಡೆಗೊಂಡು ಹದೀಸಿನ ಮಹಾ ವಿದ್ವಾಂಸರಾದವರ ಹೆಸರು ನಾಫಿಅ. ಆದ್ದರಿಂದ ಮೊದಲಿನ ಮಾತನ್ನು ಉಲಮಾಗಳು ಹರಾಮ್ ಎಂದು ತೆಗೆದುಕೊಳ್ಳದೆ, ಬಿಟ್ಟರೆ ಉತ್ತಮ ಎಂಬ ಹಂತದ ಮಕ್ರೂಹ್ ಎಂದು ವಿವರಿಸಿದ್ದಾರೆ.

ಅಜ್ಜನಿಗೆ ನಾವು ಹೇಳಿದ ಮಾತೂ ಇದೇ: “ಈ ಆಕ್ಷೇಪ ನೆಮ್ಮದಿಗೆ ಎಷ್ಟು ತಗಲುತ್ತದೆಯೋ ಸಕೀನಾಗೂ ಅಷ್ಟೇ ತಗಲುತ್ತದೆ. ಅರಬಿ ಬಲ್ಲವರ ಊರಿನಲ್ಲಿ ‘ಸಕೀನಾ ಇದ್ದಾಳೆಯೇ’ ಎಂದರೂ ಅದೇ ಪ್ರಶ್ನೆ. ನಮಗೆ ಅರ್ಥ ಕೇಳಿಸದ ಕಾರಣ ಒಂದು ಹೆಸರು ನಿರಾತಂಕವಾಗಿದೆ, ಅರ್ಥ ಕೇಳಿಸುವ ಕಾರಣ ಇನ್ನೊಂದು ಕಿವಿಗೆ ಚುಚ್ಚುತ್ತಿದೆ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಮ್ಮನ ಹೆಸರಿನಲ್ಲಿ ಅಷ್ಟೆಲ್ಲ ಇದೆಯೆ?” ಎಂದು ಕೇಳಿದರು.

ಇದೆ. ವಿಶ್ವಾಸಿಗಳ ಹೃದಯಗಳಲ್ಲಿ ಅಲ್ಲಾಹನು ಸಕೀನತನ್ನು ಇಳಿಸಿದ ಪ್ರಸ್ತಾಪ ಸೂರಃ ಅಲ್ ಫತ್‌ಹ್‌ನಲ್ಲಿ ಬರುತ್ತದೆ. ಹಿಜ್ರತಿನ ವೇಳೆ ಗುಹೆಯಲ್ಲಿ ವೈರಿಗಳು ಹತ್ತಿರ ಬಂದಾಗ ಇಳಿದುದೂ ಅದೇ ಎಂದು ಸೂರಃ ಅತ್ತೌಬಾ ತಿಳಿಸುತ್ತದೆ. ತರಗತಿಯಲ್ಲಿ ಆ ಪದಕ್ಕೆ ನಾವು ಬೋರ್ಡಿನ ಮೇಲೆ ಬರೆಯುವ ಕನ್ನಡದ ಅರ್ಥ ‘ನೆಮ್ಮದಿ’. ಕನ್ನಡದಲ್ಲಿ ‘ನೆಮ್ಮು’ ಎಂಬ ಹಳೆಯ ಕ್ರಿಯಾಪದವಿದೆ. ಆತುಕೊಳ್ಳು, ಒರಗು, ನಂಬು ಎಂಬುದು ಅದರ ಅರ್ಥ. ನೆಮ್ಮದಿ ಎಂದಾಗ ಕನ್ನಡ ಓದಿದ ಕಿವಿಗೆ ಆ ಒರಗುವಿಕೆಯೂ ಕೇಳುತ್ತದೆ. ಭಯದ ನಡುವೆ ಒರಗಲು ಆಸರೆ ಸಿಕ್ಕವನ ಸ್ಥಿತಿಯೇ ಗುಹೆಯ ಆ ಸ್ಥಿತಿ. ಗಾಜಿನ ಬಾಗಿಲ ಮುಂದೆ ನಿಂತ ಆ ದಂಪತಿಗಳದ್ದೂ ಅದರದೇ ಒಂದು ಸಣ್ಣ ನೆರಳು.

ಅಪರೂಪದ ಹೆಸರು ಎಂಬ ಕಾರಣಕ್ಕೆ ನೆಂಟರು ಅಚ್ಚರಿಪಡುವುದು ಹೊಸದಲ್ಲ. ಝಕರಿಯ್ಯಾ(ಅ) ಅವರಿಗೆ ಮುಪ್ಪಿನಲ್ಲಿ ಮಗನ ಸುವಾರ್ತೆ ಬಂದಾಗ, ಯಹ್ಯಾ ಎಂಬ ಆ ಹೆಸರಿನವರನ್ನು ಹಿಂದೆ ಯಾರನ್ನೂ ಮಾಡಿರಲಿಲ್ಲವೆಂದು ಸೂರಃ ಮರ್ಯಮ್‌ನಲ್ಲಿ ಅಲ್ಲಾಹನು ತಿಳಿಸುತ್ತಾನೆ. ಹೊಸ ಹೆಸರಾಗಿರುವುದು ಅಲ್ಲಿ ಕುಂದಲ್ಲ, ಅನುಗ್ರಹ. ಇದೇ ಪ್ರಸಂಗ ಕ್ರೈಸ್ತರ ಲೂಕನ ಸುವಾರ್ತೆಯಲ್ಲಿಯೂ ಬರುತ್ತದೆ. ಅಲ್ಲಿ ನೆರೆಹೊರೆಯವರೂ ಬಂಧುಗಳೂ ಮಗುವಿಗೆ ತಂದೆಯ ಹೆಸರನ್ನೇ ಇಡಲು ಹೊರಡುತ್ತಾರೆ. ತಾಯಿ ಬೇರೆ ಹೆಸರು ಹೇಳಿದಾಗ, ನಿಮ್ಮ ಬಳಗದಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ ಎಂದು ತಕರಾರು ತೆಗೆಯುತ್ತಾರೆ. ಮಳವಳ್ಳಿಯ ಅಂಗಳದಲ್ಲಿ ನಡೆದ ಮಾತು ಎಷ್ಟು ಹಳೆಯದೆಂದು ಇದರಿಂದ ತಿಳಿಯುತ್ತದೆ.

ದೂರ ಹೋಗುವುದೂ ಬೇಡ. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಮಣ್ಣಾದ ಸುಲ್ತಾನರ ಹೆಸರನ್ನೇ ತೆಗೆದುಕೊಳ್ಳಿ. ಹೈದರ್ ಅಲಿ ಮತ್ತು ಫಕ್ರುನ್ನಿಸಾ ದಂಪತಿಗಳು ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸೂಫಿಯ ನೆನಪಿಗೆ ಮಗನನ್ನು ಟಿಪ್ಪು ಎಂದು ಕರೆದರು. ಹೈದರರ ತಂದೆ ಫತೇ ಮುಹಮ್ಮದ್. ಆ ಹಿರಿಯರ ಹೆಸರೂ ಕೈಬಿಡಲಿಲ್ಲ, ಮಗು ಫತೇ ಅಲಿಯೂ ಆಯಿತು. ಎಂದರೆ ತಾತನ ಹೆಸರು, ತಂದೆ ತಾಯಿ ಮನಸಾರೆ ಬಯಸಿದ ಹೆಸರು ಎರಡೂ ಒಂದೇ ಮಗುವಿನಲ್ಲಿ ಸೇರಿದವು. ಟಿಪ್ಪು ಎಂಬುದು ಅರಬಿ ಹೆಸರುಗಳ ಯಾವ ಪಟ್ಟಿಯಲ್ಲಿಯೂ ಸಿಗುವ ಹೆಸರಲ್ಲ. ಇಂದು ಅದನ್ನು ಮುಸ್ಲಿಮ್ ಹೆಸರಲ್ಲವೆಂದು ಮಂಡ್ಯದಲ್ಲಿ ಯಾರಾದರೂ ಹೇಳಿಯಾರೆ? ಹೆಸರು ಮನುಷ್ಯನನ್ನು ಗುರುತಿಸುತ್ತದೆ ನಿಜ. ಆದರೆ ಮನುಷ್ಯನೂ ತನ್ನ ಬದುಕಿನಿಂದ ಹೆಸರಿಗೆ ಗುರುತು ತಂದುಕೊಡುತ್ತಾನೆ.

ಈಗ ಮದ್ದೂರಿನ ಅಜ್ಜನ ಪ್ರಶ್ನೆಗೆ ಬರೋಣ. ‘ಭಯಕ್ಕೆ ಇಟ್ಟಿರಾ?’ ಇದು ಹಗುರವಾದ ಮಾತಲ್ಲ. ನಮ್ಮ ಗುರುತನ್ನು ಮರೆಮಾಡಲು ಹೆಸರನ್ನು ಉಪಯೋಗಿಸುವುದನ್ನು ನಾವು ಒಪ್ಪುವುದಿಲ್ಲ. ಮಗು ದೊಡ್ಡದಾಗಿ, ತನ್ನ ಹೆಸರು ಒಂದು ಮರೆಯೆಂದು ತಿಳಿದ ದಿನ, ತಾನು ಮುಸ್ಲಿಮಳಾಗಿರುವುದು ಮರೆಮಾಡಬೇಕಾದ ಸಂಗತಿ ಎಂದೂ ಕಲಿಯುತ್ತದೆ. ಆದರೆ ಉದ್ದೇಶವನ್ನು ಅಳೆಯಲು ಈ ಪತ್ರದಲ್ಲಿಯೇ ಒಂದು ಅಳತೆಗೋಲು ಇದೆ. ತಂದೆಯ ಹೆಸರನ್ನು ಪೂರ್ತಿಯಾಗಿ ಬರೆಯುವುದಾಗಿ ಅವರು ಹೇಳಿದ್ದಾರೆ. ಮನೆಗೊಂದು, ಹೊರಗೊಂದು ಹೆಸರು ಬೇಡವೆಂದಿದ್ದಾರೆ. ಬಚ್ಚಿಡುವವನಿಗೆ ಬೇಕಾಗುವುದೇ ಆ ಎರಡು ಹೆಸರಿನ ಏರ್ಪಾಟು. ಅದನ್ನೇ ಬೇಡವೆಂದವರ ಮೇಲೆ ಭಯದ ಆರೋಪ ನಿಲ್ಲುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಹಾಗೆಂದು ಯಾವ ಕನ್ನಡ ಹೆಸರಾದರೂ ಸರಿಯೆಂದು ನಾವು ಹೇಳುತ್ತಿಲ್ಲ. ಅಲ್ಲಾಹನಲ್ಲದವರಿಗೆ ದಾಸ್ಯ ಸೂಚಿಸುವ ಹೆಸರು, ಪೂಜೆಗೊಳ್ಳುವ ದೇವತೆಗಳಿಗೆ ಮೀಸಲಾದ ಹೆಸರು, ಕೇಳಿದವರು ಇನ್ನೊಂದು ಧರ್ಮದ ಆರಾಧನೆಯನ್ನೇ ನೆನೆಯುವ ಹೆಸರು ಸಲ್ಲದು. ಅಬ್ದು ಅಮ್ರ್ ಎಂಬ ಅರಬಿ ಹೆಸರಿಗೆ ಸಲ್ಲದ್ದು ಕನ್ನಡದ ಹೆಸರಿಗೂ ಸಲ್ಲುವುದಿಲ್ಲ. ಕೇವಲ ಹೊಸದಾಗಿ ಕೇಳಲಿ ಎಂದು ಅರ್ಥವಿಲ್ಲದ ಅಕ್ಷರಗಳನ್ನು ಜೋಡಿಸಿ ಇಡುವ ಈಚಿನ ಹವ್ಯಾಸವೂ ಒಳ್ಳೆಯದಲ್ಲ. ನಮ್ಮ ಬಳಿ ಅರ್ಥ ಕೇಳಿಕೊಂಡು ಬರುವ ಎಷ್ಟೋ ‘ಅರಬಿ’ ಹೆಸರುಗಳಿಗೆ ಯಾವ ನಿಘಂಟಿನಲ್ಲಿಯೂ ಅರ್ಥ ಸಿಗುವುದಿಲ್ಲ.

ದಂಪತಿಗಳ ತಪ್ಪು ಹೆಸರಿನಲ್ಲಿಲ್ಲ, ಕ್ರಮದಲ್ಲಿದೆ. ಹೆಸರಿಡುವ ಅಧಿಕಾರ ತಂದೆ ತಾಯಿಗಳದು. ಮರ್ಯಮ್(ಅ) ಅವರಿಗೆ ಹೆಸರಿಟ್ಟವರು ಅವರ ತಾಯಿಯೇ ಎಂದು ಸೂರಃ ಆಲಿ ಇಮ್ರಾನ್ ಹೇಳುತ್ತದೆ. ಆದರೆ ಅಧಿಕಾರವಿರುವವರು ಸಮಾಲೋಚನೆ ಮಾಡಬಾರದೆಂದಿಲ್ಲ. ಈ ಪತ್ರ ಅಖೀಕಾಗೆ ಮೂರು ದಿನ ಮೊದಲು ಬಂದಿದ್ದರೆ, ನೆಂಟರ ಮುಂದೆ ಅಜ್ಜನ ಮಾತು ಬಿದ್ದುಹೋಗುತ್ತಿರಲಿಲ್ಲ. ಅವರಿಗೆ ಸಮಯವಿರಲಿಲ್ಲವೆ? ಇತ್ತು. ಕಾನೂನೇ ಸಮಯ ಕೊಡುತ್ತದೆ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಆದರೆ ಹೆಸರಿನ ಜಾಗವನ್ನು ಖಾಲಿ ಬಿಟ್ಟು ನೋಂದಾಯಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಆ ನಂತರವೂ ಶುಲ್ಕ ತೆತ್ತು ಸೇರಿಸಲು ಅವಕಾಶವಿದೆ. ಕಷ್ಟವಾಗುವುದು ಹೆಸರು ಒಮ್ಮೆ ದಾಖಲಾದ ಮೇಲೆ ಅದನ್ನು ಬದಲಿಸಲು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಯ ದಾಖಲಾತಿಯಿಂದ ಹಿಡಿದು ಅನೇಕ ಕಾರ್ಯಗಳಿಗೆ ಜನನ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಬರೆಸುವ ಮೊದಲು ಕನ್ನಡದ ಕಾಗುಣಿತವನ್ನೂ ಇಂಗ್ಲಿಷ್ ಅಕ್ಷರಗಳನ್ನೂ ಮನೆಯಲ್ಲಿ ಕಾಗದದ ಮೇಲೆ ಬರೆದು ನೋಡಿರಿ. ‘ಮ’ ಒತ್ತಕ್ಷರವನ್ನು ಇಂಗ್ಲಿಷಿನಲ್ಲಿ ಎರಡು ಎಮ್ ಹಾಕಿ ಬರೆಯುವುದೋ ಒಂದು ಹಾಕಿಯೋ ಎಂಬುದನ್ನೂ ಒಮ್ಮೆಯೇ ನಿಶ್ಚಯಿಸಿರಿ. ನಮ್ಮ ಹುಡುಗರಲ್ಲಿ ಒಬ್ಬನ ಹೆಸರು ಮೂರು ದಾಖಲೆಗಳಲ್ಲಿ ಮೂರು ರೀತಿಯಿದ್ದು, ವಿದ್ಯಾರ್ಥಿವೇತನಕ್ಕಾಗಿ ಅವನ ತಂದೆ ಅಲೆದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಈ ದಂಪತಿಗಳು ಅಖೀಕಾ ಕಳೆದರೂ ಹೆಸರನ್ನು ಇನ್ನೂ ಬರೆಸಿರಲಿಲ್ಲ. ಹಿರಿಯರ ಉತ್ತರಕ್ಕಾಗಿ ಆ ಜಾಗ ಖಾಲಿಯಾಗಿಯೇ ಕಾದಿತ್ತು. ಆ ಒಂದು ಸಂಗತಿಯನ್ನು ಅವರು ಪತ್ರದಲ್ಲಿ ಬರೆಯಲು ಮರೆತಿದ್ದರು. ನಾವು ಫೋನ್ ಮಾಡಿ ಕೇಳಿದಾಗ ತಿಳಿಯಿತು.

ಅದನ್ನು ಮಳವಳ್ಳಿಯ ಹಿರಿಯರಿಗೆ ತಿಳಿಸಿದೆವು. “ಇನ್ನೂ ಬರೆಸಿಲ್ಲವೆ?” ಎಂದು ಎರಡು ಸಲ ಕೇಳಿದರು. ಆಮೇಲೆ ಕಾಗದವನ್ನು ನಮ್ಮಿಂದ ತೆಗೆದುಕೊಂಡು, ತಮ್ಮ ತಾಯಿಯ ಮಾತು ಬರುವ ಸಾಲುಗಳನ್ನು ಬೆರಳಿಟ್ಟು ಮತ್ತೊಮ್ಮೆ ಓದಿದರು. ತಾಯಿ ಹಾಗೆ ಹೇಳುತ್ತಿದ್ದುದು ನಿಜವೆ ಎಂದು ನಾವು ಕೇಳಿದೆವು. “ನಿಜ. ನನಗೆ ಮರೆತೇ ಹೋಗಿತ್ತು” ಎಂದರು.

ಹೈದರರ ಮನೆಯ ಕ್ರಮವನ್ನು ನಾವು ಅವರ ಮುಂದಿಟ್ಟೆವು: ಎರಡೂ ಹೆಸರು ಒಟ್ಟಿಗೆ, ಒಂದೇ ದಾಖಲೆಯಲ್ಲಿ, ಎಲ್ಲರ ಮುಂದೆ. ‘ನೆಮ್ಮದಿ ಸಕೀನಾ’. ಇದು ಮನೆಗೊಂದು, ಹೊರಗೊಂದು ಎಂಬ ಏರ್ಪಾಟಲ್ಲ. ಆದ್ದರಿಂದ ದಂಪತಿಗಳ ಆಕ್ಷೇಪಕ್ಕೂ ಇದರಲ್ಲಿ ಉತ್ತರವಿದೆ. ಒಪ್ಪುವುದು ಬಿಡುವುದು ಅವರ ಮನೆಗೆ ಸೇರಿದ್ದು. ಅಜ್ಜ ಅಂದು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮಗ್ರಿಬ್ ಅಝಾನ್ ಆಯಿತು. ವುಝೂ ಮಾಡಲು ಏಳುತ್ತ, “ನಾಳಿದ್ದು ಭಾನುವಾರ ಮಂಡ್ಯಕ್ಕೆ ಹೋಗಿ ನೆಮ್ಮದಿಯನ್ನು ನೋಡಿಕೊಂಡು ಬರುತ್ತೇನೆ” ಎಂದರು. ಆ ಮಗುವನ್ನು ಅವರು ಹೆಸರು ಹಿಡಿದು ಕರೆದದ್ದನ್ನು ನಾವು ಕೇಳಿದ್ದು ಅದೇ ಮೊದಲು.

ವಲ್ಲಾಹು ಅಅ್‌ಲಮ್.